ತನಿಖಾ ವರದಿಗೆ ಪ್ರಸ್ತಾವ: ಬೀಗ ಹಾಕಿದ ಫಿಲ್ಟರ್ ಘಟಕಕ್ಕೂ ತಿಂಗಳ ಬಿಲ್

12 ನವೆಂಬರ್ 2025

ಸುದ್ದಿ ಸಂಪಾದಕರಿಗೆ,

ಮೇಡಂ, ನಮಸ್ಕಾರ. ಹೋದ ವರ್ಷ ನಿಮ್ಮ ಪತ್ರಿಕೆಗೆ ಕೆರೆ ಒತ್ತುವರಿ ಬಗ್ಗೆ ಎರಡು ವರದಿ ಬರೆದಿದ್ದೆ. ಈಗ ಅದಕ್ಕಿಂತ ದೊಡ್ಡ ವಿಷಯ ಕೈಯಲ್ಲಿದೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ಓದಿ ನೋಡಿ.

ಆಂಧ್ರ ಗಡಿಯ ನಮ್ಮ ತಾಲ್ಲೂಕಿನಲ್ಲಿ ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕಗಳು ತಿಂಗಳುಗಟ್ಟಲೆ ಮುಚ್ಚಿದ್ದರೂ, ಅವುಗಳ ನಿರ್ವಹಣೆಯ ಬಿಲ್ ಮಾತ್ರ ಒಂದು ತಿಂಗಳೂ ತಪ್ಪದೆ ಪಾಸಾಗಿದೆ. ನಡೆಯುತ್ತಿರುವ ಕೆಲವು ಘಟಕಗಳ ನಲ್ಲಿಯಲ್ಲೂ ಬರುತ್ತಿರುವುದು ಫ್ಲೋರೈಡ್ ನೀರೇ. ಜನ ಅದನ್ನು ದುಡ್ಡು ಕೊಟ್ಟು, ಒಳ್ಳೆಯ ನೀರು ಎಂದು ನಂಬಿ ಮಕ್ಕಳಿಗೆ ಕುಡಿಸುತ್ತಿದ್ದಾರೆ. ನಾನು ಬರೆಯಬೇಕು ಎಂದಿರುವುದು ಇದನ್ನೇ.

ತಾಲ್ಲೂಕು, ಊರು, ಗುತ್ತಿಗೆದಾರ ಯಾರ ಹೆಸರನ್ನೂ ಈ ಪತ್ರದಲ್ಲಿ ಹಾಕಿಲ್ಲ. ಮೇಲ್ ಯಾರ ಕೈಗೆ ಹೋಗುತ್ತದೋ ಗೊತ್ತಿಲ್ಲ, ಮಾತಾಡಿದವರಿಗೆ ತೊಂದರೆಯಾಗಬಾರದು. ಎದುರಿಗೆ ಕೂತಾಗ ಎಲ್ಲವನ್ನೂ ಹೇಳುತ್ತೇನೆ, ಕಡತ ತೋರಿಸುತ್ತೇನೆ.

ಈ ಕೆಲಸ ಶುರುವಾಗಿದ್ದು ಒಂದು ವಿದ್ಯುತ್ ಬಿಲ್‌ನಿಂದ. ಒಂದು ಗ್ರಾಮ ಪಂಚಾಯಿತಿಯಲ್ಲಿ ಬೇರೆ ಮಾಹಿತಿ ಹುಡುಕುತ್ತಿದ್ದಾಗ ಅಲ್ಲಿನ ನೀರಿನ ಘಟಕದ ವಿದ್ಯುತ್ ಬಿಲ್‌ಗಳ ಕಟ್ಟು ಸಿಕ್ಕಿತು. ಒಂಬತ್ತು ತಿಂಗಳು ಮೀಟರ್ ಓದು ಒಂದೇ ಅಂಕಿಯಲ್ಲಿ ನಿಂತಿತ್ತು. ಬರೀ ನಿಗದಿತ ಶುಲ್ಕ ಬಂದಿತ್ತು. ಕರೆಂಟ್ ಇಲ್ಲದೆ ಆರ್‌ಒ ಯಂತ್ರ ನಡೆಯೋದಿಲ್ಲ. ಮೆಂಬ್ರೇನ್ ಒಳಗೆ ನೀರು ನುಗ್ಗಬೇಕಾದರೆ ಮೋಟಾರು ಓಡಲೇಬೇಕು, ಅಲ್ವಾ? ಹಾಗಾದರೆ ಆ ಒಂಬತ್ತು ತಿಂಗಳ ನಿರ್ವಹಣೆ ಬಿಲ್ ಏನಾಯಿತು ಎಂದು ಹುಡುಕಿದೆ. ಒಂಬತ್ತಕ್ಕೆ ಒಂಬತ್ತೂ ಪಾವತಿಯಾಗಿತ್ತು. ಪ್ರತಿ ಬಿಲ್ಲಿನ ಜೊತೆಗೂ ‘ಘಟಕವು ಸುಸ್ಥಿತಿಯಲ್ಲಿದ್ದು ಚಾಲನೆಯಲ್ಲಿದೆ’ ಎಂಬ ದೃಢೀಕರಣ ಇತ್ತು.

ಒಂದು ಘಟಕದ ನಿಜ ಸ್ಥಿತಿ ಹೇಳುವ ಕಾಗದಗಳು ಮೂರು ಕಡೆ ಇರುತ್ತವೆ. ನಿರ್ವಹಣೆ ಬಿಲ್ ಎಂಜಿನಿಯರಿಂಗ್ ಉಪವಿಭಾಗದಲ್ಲಿ, ವಿದ್ಯುತ್ ಬಿಲ್ ಪಂಚಾಯಿತಿಯಲ್ಲಿ, ನೀರಿನ ಪರೀಕ್ಷಾ ವರದಿ ಲ್ಯಾಬ್‌ನಲ್ಲಿ. ಇವನ್ನು ಯಾರೂ ಒಟ್ಟಿಗೆ ಇಟ್ಟು ನೋಡುವುದಿಲ್ಲ. ನಾನು ಮಾಡಿರುವುದು ಅಷ್ಟೇ, ಒಂದೇ ಮೇಜಿನ ಮೇಲೆ ಮೂರನ್ನೂ ಹರಡಿದ್ದೇನೆ.

ಮಾಹಿತಿ ಹಕ್ಕಿನಡಿ 11 ಘಟಕಗಳ ನಿರ್ವಹಣೆ ಬಿಲ್ ಸಿಕ್ಕಿದೆ, 2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗೆ. 12 ತಿಂಗಳಲ್ಲಿ ಒಂದೇ ಒಂದು ಘಟಕಕ್ಕೂ ಒಂದು ತಿಂಗಳ ಹಣವನ್ನೂ ಹಿಡಿದಿಲ್ಲ. ಈ 11 ಘಟಕಗಳು ಐದು ಪಂಚಾಯಿತಿಗಳಿಗೆ ಸೇರಿವೆ. ಮೂರು ಪಂಚಾಯಿತಿಯವರು ವಿದ್ಯುತ್ ಬಿಲ್ ಕೊಟ್ಟರು, ಅದರಲ್ಲಿ ಏಳು ಘಟಕಗಳ ಲೆಕ್ಕ ಬಂತು. ಮೂರು ಘಟಕಗಳ ಮೀಟರ್ ದೀರ್ಘಕಾಲ ಕದಲಿಲ್ಲ: ಒಂದು ಒಂಬತ್ತು ತಿಂಗಳು, ಒಂದು ಏಳು, ಇನ್ನೊಂದು ಐದು. ಲ್ಯಾಬ್ ವರದಿ ನಾಲ್ಕು ಘಟಕಗಳಿಗೆ ಮಾತ್ರ ಇದೆ. ಉಳಿದ ಏಳಕ್ಕೆ ‘ಕಡತದಲ್ಲಿ ಲಭ್ಯವಿಲ್ಲ’ ಎಂದು ಲಿಖಿತವಾಗಿ ಉತ್ತರ ಕೊಟ್ಟಿದ್ದಾರೆ.

ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ 11 ಊರಿಗೂ ಹೋಗಿ ಬಂದೆ. ಆರು ಘಟಕ ನಡೆಯುತ್ತಿದ್ದವು, ಐದಕ್ಕೆ ಬೀಗ. ಒಂದರ ಒಳಗೆ ಸೌದೆ ಪೇರಿಸಿದ್ದರು. ಎಲ್ಲಾ ಕಡೆ ದಿನಾಂಕ ಮತ್ತು ಸ್ಥಳ ದಾಖಲಾಗುವ ಹಾಗೆ ಫೋಟೊ ತೆಗೆದಿದ್ದೇನೆ. ನಡೆಯುತ್ತಿದ್ದ ಆರರ ನಲ್ಲಿ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿದು, ಎನ್‌ಎಬಿಎಲ್ ಮಾನ್ಯತೆ ಇರುವ ಖಾಸಗಿ ಲ್ಯಾಬ್‌ಗೆ ನನ್ನ ಖರ್ಚಿನಲ್ಲೇ ಕೊಟ್ಟೆ. ಭಾರತೀಯ ಮಾನದಂಡದಲ್ಲಿ (ಐಎಸ್ 10500) ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ ಹೆಚ್ಚೆಂದರೆ 1.5. ನನಗೆ ಬಂದ ಆರು ವರದಿಗಳಲ್ಲಿ ಮೂರು ಈ 1.5ನ್ನೂ ದಾಟಿವೆ: 1.7, 2.2, 2.9. ಕೊನೆಯ ಊರಿನಲ್ಲಿ ಬೋರ್‌ವೆಲ್ ನೀರನ್ನೂ ಪರೀಕ್ಷೆ ಮಾಡಿಸಿದ್ದೆ. ಅದರಲ್ಲಿ 3.1 ಇತ್ತು. ಅಂದರೆ ಯಂತ್ರದ ಒಳಗೆ ಹೋಗಿ ಬಂದ ನೀರಿಗೂ ನೆಲದ ನೀರಿಗೂ ಹೆಚ್ಚುಕಮ್ಮಿ ವ್ಯತ್ಯಾಸವೇ ಇಲ್ಲ.

ಇದು ಹೇಗಾಗುತ್ತದೆ ಎಂದು ಹೇಳಿದವರು ಹೋದ ವರ್ಷದವರೆಗೆ ಒಂದು ಘಟಕ ನೋಡಿಕೊಳ್ಳುತ್ತಿದ್ದ ಹುಡುಗ. ಮೆಂಬ್ರೇನ್ ಕಟ್ಟಿಕೊಂಡರೆ ನೀರು ಸಣ್ಣಗೆ ಬರುತ್ತದೆ. ಬೆಳಗ್ಗೆ ಸರದಿಯಲ್ಲಿ ನಿಂತ ಹೆಂಗಸರು ಬೈಯುತ್ತಾರೆ. ಮೇಲಿನವರಿಗೆ ಫೋನ್ ಮಾಡಿದರೆ ‘ಬೈಪಾಸ್ ತಿರುಗಿಸು’ ಅನ್ನುತ್ತಿದ್ದರಂತೆ. ತಿರುಗಿಸಿದರೆ ಬೋರ್‌ವೆಲ್ ನೀರು ನೇರವಾಗಿ ಬಂದು ಕ್ಯಾನ್ ತುಂಬುತ್ತದೆ. “ಮೊದಲ ದಿನ ಕೈ ನಡುಗಿತು ಅಕ್ಕ. ಆಮೇಲೆ ಅದೇ ಅಭ್ಯಾಸ ಆಯ್ತು” ಅಂದ. ಎಷ್ಟು ಲೀಟರ್ ಹೋಯಿತು, ಯಾವತ್ತು ಬೈಪಾಸ್ ಹಾಕಿದ ಎಂದು ಬರೆದಿಟ್ಟ ನೋಟ್‌ಬುಕ್ ಅವನ ಹತ್ತಿರ ಇದೆ. ಪುಟಗಳ ಫೋಟೊ ನನ್ನಲ್ಲಿದೆ. ಹೆಸರು ಹಾಕಬಾರದು ಎಂದು ಕೇಳಿದ್ದಾನೆ, ಮಾತು ಕೊಟ್ಟಿದ್ದೇನೆ.

ನನ್ನ ಕೈಯಲ್ಲಿ ಇಲ್ಲದ್ದನ್ನೂ ಹೇಳಿಬಿಡಬೇಕು. ನೀರನ್ನು ಪ್ರತಿ ಘಟಕದಲ್ಲಿ ಒಂದೇ ಸಲ ಹಿಡಿದಿದ್ದೇನೆ. ಅದು ಸಾಲದು. ಮೀಟರ್ ನಿಂತಿದ್ದಕ್ಕೆ ಬೇರೆ ಕಾರಣವೂ ಇರಬಹುದು. ಮೀಟರ್ ಕೆಟ್ಟಿರಬಹುದು, ಬೇರೆ ಲೈನಿನಿಂದ ಕರೆಂಟ್ ತೆಗೆದುಕೊಂಡಿರಬಹುದು. ಎಸ್ಕಾಂ ದಾಖಲೆ ನೋಡದೆ ‘ಸುಳ್ಳು ಬಿಲ್’ ಎಂದು ಬರೆಯಲು ನಾನು ತಯಾರಿಲ್ಲ. ಸೆಪ್ಟೆಂಬರ್‌ನಲ್ಲಿ ಒಬ್ಬ ಪಿಡಿಒ, ವರ್ಷದ ದೃಢೀಕರಣಗಳಿಗೆಲ್ಲ ಒಂದೇ ದಿನ ಸಹಿ ಹಾಕಿಸಿಕೊಂಡರು ಎಂದು ಬಾಯಿಮಾತಿನಲ್ಲಿ ಹೇಳಿದ್ದಾರೆ. ಸಹಿಗಳ ಕೆಳಗೆ ದಿನಾಂಕವೇ ಇಲ್ಲದ್ದನ್ನು ನಾನೂ ನೋಡಿದ್ದೇನೆ. ಆದರೆ ಎರಡನೆಯವರು ಯಾರೂ ಅದನ್ನು ಹೇಳಿಲ್ಲ. ಗುತ್ತಿಗೆ ಕರಾರಿನ ಪ್ರತಿ ಕೇಳಿದ್ದಕ್ಕೆ ವಾಣಿಜ್ಯ ಗೋಪ್ಯತೆ ಎಂದು 8(1)(ಡಿ) ತೋರಿಸಿ ನಿರಾಕರಿಸಿದ್ದಾರೆ. ಮೇಲ್ಮನವಿ ಹಾಕಿದ್ದೇನೆ. ಮೆಂಬ್ರೇನ್ ಎಷ್ಟು ದಿನಕ್ಕೆ ಬದಲಿಸಬೇಕು, ಘಟಕ ನಿಂತರೆ ದಂಡ ಎಷ್ಟು ಎಂಬುದು ಆ ಕರಾರಿನಲ್ಲೇ ಇರಬೇಕು. ಹಾಗಾಗಿ ಅದು ಬೇಕೇ ಬೇಕು.

ಇದನ್ನು ಯಾಕೆ ಈಗ ಬರೆಯಬೇಕು ಎಂದು ನೀವು ಕೇಳುತ್ತೀರಿ. ಪಾವಗಡ, ಬಾಗೇಪಲ್ಲಿ, ಕೋಲಾರದ ಕಡೆ ನೀರಿನಲ್ಲಿ ಫ್ಲೋರೈಡ್ ಇದೆ ಎಂಬುದು ಹಳೆಯ ಸುದ್ದಿ ನಿಜ. ಅದಕ್ಕೆ ಪರಿಹಾರ ಎಂದು ಕೊಟ್ಟ ಯಂತ್ರವೇ ಅದೇ ನೀರು ಕೊಡುತ್ತಿದೆ ಎಂಬುದು ಹೊಸದು. ಬೋರ್‌ವೆಲ್ ನೀರಾದರೆ ಜನ ಹುಷಾರಾಗಿರುತ್ತಾರೆ. ‘ಫಿಲ್ಟರ್ ನೀರು’ ಅಂದರೆ ಯೋಚನೆಯೇ ಇಲ್ಲ. ಐದು ರೂಪಾಯಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಂಡು ಬರುತ್ತಾರೆ. ಅಂಗನವಾಡಿಯ ಕ್ಯಾನೂ ಅದೇ, ಬಿಸಿಯೂಟದ ಅಡುಗೆಗೂ ಅದೇ. ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಜಾಸ್ತಿಯಾಗುತ್ತದೆ. ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ಒಟ್ಟು ಲವಣ ತೋರಿಸುತ್ತದೆ ಹೊರತು ಫ್ಲೋರೈಡ್ ಎಷ್ಟು ಎಂದು ಹೇಳುವುದಿಲ್ಲ. ಮನೆಯವರು ತಾವಾಗಿ ಕಂಡುಹಿಡಿಯಲು ದಾರಿಯೇ ಇಲ್ಲ. ಸಣ್ಣ ಮಕ್ಕಳ ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಕಲೆ ಕೂರುತ್ತದೆ. ಮೂಳೆಗೆ ಇಳಿದ ಮೇಲೆ ಗಂಟು, ಬೆನ್ನು ಹಿಡಿಯುತ್ತದೆ, ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ವೈದ್ಯರು ಹೇಳುವ ಮೊದಲ ಮಾತೇ ‘ಒಳ್ಳೆಯ ನೀರು ಕುಡಿಸಿ’. ನಮ್ಮ ಕಡೆಯ ತಾಯಂದಿರು ಅದನ್ನೇ ಮಾಡುತ್ತಿದ್ದೇವೆ ಎಂದುಕೊಂಡಿದ್ದಾರೆ.

ಒಂದು ವಿಷಯ ನಿಮಗೆ ಮೊದಲೇ ತಿಳಿದಿರಲಿ. ನಮ್ಮ ದೊಡ್ಡಮ್ಮನಿಗೆ ಫ್ಲೋರೋಸಿಸ್ ಇದೆ. ಹದಿನೈದು ವರ್ಷದಿಂದ ಬೆನ್ನು ಬಗ್ಗಿಯೇ ನಡೆಯುತ್ತಾರೆ. ಅವರ ಊರು ಈ 11ರಲ್ಲಿ ಇಲ್ಲ, ವರದಿಯಲ್ಲೂ ಅವರು ಬರುವುದಿಲ್ಲ. ಆದರೆ ನನಗೆ ಈ ವಿಷಯ ಬರೀ ಕಾಗದವಲ್ಲ. ಅದಕ್ಕೇ ನನ್ನ ಪ್ರತಿ ಸಾಲನ್ನೂ ಡೆಸ್ಕಿನಲ್ಲಿ ಯಾರಾದರೂ ಗಟ್ಟಿಯಾಗಿ ಪ್ರಶ್ನೆ ಮಾಡಬೇಕು ಎಂದು ಕೇಳುತ್ತೇನೆ.

ನನಗೆ ಹತ್ತು ವಾರ ಬೇಕು. ನೀವು ಒಪ್ಪಿದರೆ ನವೆಂಬರ್ 24ಕ್ಕೆ ಶುರು ಮಾಡಿ ಫೆಬ್ರವರಿ ಮೊದಲ ವಾರ ಪ್ರತಿ ಕೊಡುತ್ತೇನೆ. ಜಾಸ್ತಿ ಅನ್ನಿಸಬಹುದು, ಆದರೆ ಅರ್ಧ ಸಮಯ ಕಾಯುವುದಕ್ಕೇ ಹೋಗುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ 30 ದಿನ, ಮೇಲ್ಮನವಿಗೆ 30ರಿಂದ 45 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದ ಮಿತಿ. ಹಾಗಾಗಿ ಮೀಟರ್ ಬದಲಾವಣೆ, ಮೆಂಬ್ರೇನ್ ಖರೀದಿ, ಉಳಿದ ಎರಡು ಪಂಚಾಯಿತಿಗಳ ವಿದ್ಯುತ್ ಬಿಲ್, ಎಲ್ಲಕ್ಕೂ ಬೇರೆಬೇರೆ ಅರ್ಜಿ ಹಾಕಬೇಕು. ಈ ಕಾಯುವ ಸಮಯದಲ್ಲಿ ಆರೂ ಘಟಕಗಳ ನೀರನ್ನು ಮೂರು ವಾರದ ಅಂತರದಲ್ಲಿ ಎರಡು ಸಲ ಹಿಡಿಯುತ್ತೇನೆ. ಈ ಸಲ ಬೋರ್‌ವೆಲ್ ಮಾದರಿಯೂ ಜೊತೆಗಿರುತ್ತದೆ, ಊರಿನ ಇಬ್ಬರು ಸಾಕ್ಷಿಯಾಗಿ ಬಾಟಲಿಗೆ ಸಹಿ ಹಾಕುತ್ತಾರೆ. ಒಟ್ಟು 24 ಮಾದರಿ. ಮಕ್ಕಳ ಹಲ್ಲಿನ ಬಗ್ಗೆ ಒಬ್ಬ ದಂತ ವೈದ್ಯರನ್ನು ಕರೆದುಕೊಂಡು ಹೋಗುವ ಯೋಚನೆ ಇದೆ. ಆದರೆ ಮಕ್ಕಳ ಮುಖ, ಹೆಸರು ಯಾವುದೂ ಬೇಡ. ಹಲ್ಲಿನ ಕಲೆ ಹಳೆಯ ನೀರಿನದ್ದೂ ಆಗಿರಬಹುದು, ಅದನ್ನು ಈ ಘಟಕಗಳ ತಲೆಗೆ ಕಟ್ಟುವುದಿಲ್ಲ. ಕೊನೆಯ ಎರಡು ವಾರ ಗುತ್ತಿಗೆದಾರರು, ಎಂಜಿನಿಯರ್‌ಗಳು, ಪಿಡಿಒಗಳಿಗೆ ಮೀಸಲು. ಎಲ್ಲರಿಗೂ ಲಿಖಿತ ಪ್ರಶ್ನೆ ಕಳಿಸಿ ಹತ್ತು ದಿನ ಸಮಯ ಕೊಡುತ್ತೇನೆ. ಅವರ ಉತ್ತರದಿಂದ ವರದಿ ಬದಲಾಗಬೇಕಾದರೆ ಬದಲಾಗಲಿ.

ಫೆಬ್ರವರಿ ಅಂದಿದ್ದಕ್ಕೆ ಕಾರಣ ಇದೆ. ಮಾರ್ಚ್‌ನಲ್ಲಿ ವರ್ಷದ ಲೆಕ್ಕ ಮುಗಿಸಲು ಬಾಕಿ ಬಿಲ್‌ಗಳೆಲ್ಲ ಒಟ್ಟಿಗೆ ಪಾಸಾಗುತ್ತವೆ. ಬೇಸಿಗೆ ಶುರುವಾದರೆ ಫಿಲ್ಟರ್ ನೀರಿನ ಮುಂದೆ ಸಾಲು ಇನ್ನೂ ಉದ್ದವಾಗುತ್ತದೆ. ಅದಕ್ಕೂ ಮುಂಚೆ ಬರಬೇಕು. ನಡುವೆ ಒಂದು ಸಂದರ್ಭ ಮಾತ್ರ ಬೇರೆ: ಎರಡನೇ ಸಲವೂ ಯಾವುದಾದರೂ ಘಟಕದಲ್ಲಿ ಫ್ಲೋರೈಡ್ 1.5 ದಾಟಿದರೆ, ವರದಿ ಆಗುವ ತನಕ ಸುಮ್ಮನಿರಲು ನನ್ನಿಂದ ಆಗದು. ಲ್ಯಾಬ್ ವರದಿಯ ಪ್ರತಿಯನ್ನು ಅದೇ ದಿನ ಪಂಚಾಯಿತಿಗೂ ಶಾಲೆಗೂ ಕೊಡುತ್ತೇನೆ. ಇದರಿಂದ ಸುದ್ದಿ ಮೊದಲೇ ಹೊರಗೆ ಹೋಗಬಹುದು. ಅದಕ್ಕೆ ನೀವು ಒಪ್ಪಬೇಕು.

ಖರ್ಚು: ಲ್ಯಾಬ್ ಮಾದರಿಗೆ 600 ರೂಪಾಯಿ ಹೇಳಿದೆ, 24ಕ್ಕೆ 14,400. ಓಡಾಟ, ನಕಲು ಪ್ರತಿ ಸೇರಿ 11,000. ಇದು ಬಿಟ್ಟು ಪ್ರಕಟಣೆಗೆ ಮುಂಚೆ ನಿಮ್ಮ ವಕೀಲರು ಒಮ್ಮೆ ಓದಬೇಕು. ಒಂದು ಮುಖ್ಯ ವರದಿ, ಸುಮಾರು 1,800 ಪದ. ಜೊತೆಗೆ ಬೈಪಾಸ್ ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸುವ ಚಿತ್ರ, ಮೂರು ಕಾಗದ ಪಕ್ಕಪಕ್ಕ ಇಟ್ಟ ಒಂದು ಪಟ್ಟಿ. ಬೇರೆ ಪತ್ರಿಕೆಗೆ ಇದನ್ನು ಕಳಿಸಿಲ್ಲ, ತಿಂಗಳ ಕೊನೆಯವರೆಗೆ ಕಳಿಸುವುದೂ ಇಲ್ಲ.

ಮಂಗಳವಾರ 18ಕ್ಕೆ ಬೆಂಗಳೂರಿಗೆ ಬರುತ್ತೇನೆ. ಬಿಲ್‌ಗಳು, ಲ್ಯಾಬ್ ವರದಿ, ನೋಟ್‌ಬುಕ್ಕಿನ ಫೋಟೊ ಎಲ್ಲಾ ಜೊತೆಗೆ ತರುತ್ತೇನೆ. ಮಧ್ಯಾಹ್ನ ಮೂರರ ಮೇಲೆ ಅರ್ಧ ಗಂಟೆ ಕೊಟ್ಟರೆ ಸಾಕು.

ಇಂತಿ ನಿಮ್ಮ,
ಶೋಭಾ
ಹವ್ಯಾಸಿ ವರದಿಗಾರ್ತಿ