ನಮ್ಮ ವಿಷಲ್ ಸಾರ್‌ಗೆ ಬೀಳ್ಕೊಡುಗೆ

ಎಲ್ಲರಿಗೂ ನಮಸ್ಕಾರ. ಶುರು ಮಾಡುವ ಮುಂಚೆ ಒಂದು ಮಾತು. ಹಿಂದೆ ನಿಂತಿರುವ ಬಾರ್ ಬೆಂಡಿಂಗ್‌ನವರು ಸ್ವಲ್ಪ ಈ ಕಡೆ ಬನ್ನಿ, ಹಾಯಿಸ್ಟ್ ಕೆಳಗೆ ಯಾರೂ ನಿಲ್ಲಬೇಡಿ. ನಾನು ಹೇಳದಿದ್ದರೆ ಸಾರ್ ಎದ್ದು ಬಂದು ಹೇಳುತ್ತಾರೆ. ಅವರ ಬೀಳ್ಕೊಡುಗೆ ದಿನವೂ ಅವರ ಬಾಯಲ್ಲೇ ಹೇಳಿಸುವುದು ಬೇಡ, ಅಲ್ವಾ?

ಆದರೂ ಇವತ್ತು ಅವರು ಸುಮ್ನೆ ಕೂತಿಲ್ಲ. ಬೆಳಿಗ್ಗೆ ಎಂಟಕ್ಕೆ ಶಾಮಿಯಾನದವರು ಬಂದರು. ಮೈಕ್ ಹುಡುಗ ಪ್ಲಗ್ ಇಲ್ಲದೆ ಎರಡು ಬರಿ ವೈರ್‌ಗಳನ್ನು ಸಾಕೆಟ್‌ಗೆ ಚುಚ್ಚಿ, ಅಲ್ಲಾಡದ ಹಾಗೆ ಬೆಂಕಿಕಡ್ಡಿ ಸಿಕ್ಕಿಸಿದ್ದ. ಸಾರ್ ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿಕೊಂಡೇ ಬಗ್ಗಿ ನೋಡಿದರು. ಬೈಯಲಿಲ್ಲ. "ಪ್ಲಗ್ ಎಲ್ಲಿ ಹೋಯ್ತಪ್ಪಾ?" ಅಂದರು. ಹತ್ತು ನಿಮಿಷದಲ್ಲಿ ಸ್ಟೋರ್‌ನಿಂದ ಪ್ಲಗ್ ಬಂತು. ವೈರ್ ನಮ್ಮ 30 ಮಿಲಿಆಂಪ್ ಆರ್‌ಸಿಸಿಬಿ ಇರುವ ಬೋರ್ಡ್‌ಗೆ ಹೋಯಿತು. ನಾನೀಗ ಹಿಡಿದಿರುವುದು ಅದೇ ಮೈಕ್.

ಹೊಸಬರಿಗೆ ಸಾರ್ ಅಂದರೆ ಕೊರಳಲ್ಲಿ ವಿಷಲ್, ಕೈಯಲ್ಲಿ ನೂರು ಪುಟದ ಗೆರೆ ನೋಟ್‌ಬುಕ್, ಅಷ್ಟೇ. ಹನ್ನೊಂದು ವರ್ಷದ ಹಿಂದೆ ನಾವಿಬ್ಬರೂ ಒಂದೇ ವಾರ ಸೇರಿದೆವು. ಆಗ ನಾನು ಕಾಲೇಜು ಮುಗಿಸಿ ಬಂದ ಟ್ರೈನಿ ಎಂಜಿನಿಯರ್. ಆವತ್ತಿನ ಪ್ರಾಜೆಕ್ಟ್ ಮ್ಯಾನೇಜರ್ ಸಾರ್‌ನ ಪರಿಚಯ ಮಾಡಿಸಿದ್ದು ಹೀಗೆ: "ಐನೂರು ಲೇಬರ್ ದಾಟಿತು, ಕಾನೂನಿಗೆ ಒಬ್ಬರು ಸೇಫ್ಟಿ ಆಫೀಸರ್ ಬೇಕು, ಇವರು ಬಂದಿದ್ದಾರೆ." ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಲ್ಲಿ ಆಗ ಹಾಗೆ ಇದ್ದದ್ದು ನಿಜ. ಆದರೆ ಒಬ್ಬ ಮನುಷ್ಯನನ್ನು ಕಾಯ್ದೆಯ ಸೆಕ್ಷನ್ ಥರ ಪರಿಚಯ ಮಾಡಿಸುತ್ತಾರಾ? ಸಾರ್ ಸುಮ್ನೆ ನಕ್ಕು ಹೆಲ್ಮೆಟ್ ಹಾಕಿಕೊಂಡರು.

ಮೊದಲು ಅವರು ಗೇಟ್ ಹತ್ತಿರ ಒಂದು ಕೆಂಪು ಡಬ್ಬ ಇಟ್ಟರು. ಕೂದಲೆಳೆಯಲ್ಲಿ ತಪ್ಪಿದ್ದು ಏನೇ ಇದ್ದರೂ, ಅಂದರೆ ನಿಯರ್ ಮಿಸ್, ಚೀಟಿ ಬರೆದು ಹಾಕಿ ಅಂತ. ಮೂರು ತಿಂಗಳಾದ ಮೇಲೆ ಬೀಗ ತೆಗೆದರೆ ಒಳಗೆ ಬರೀ ಗುಟ್ಕಾ ಪ್ಯಾಕೆಟ್. ಒಂದು ಚೀಟಿಯೂ ಇಲ್ಲ. ಯಾಕಿರುತ್ತೆ? ಅರ್ಧ ಜನಕ್ಕೆ ಬರೆಯಲು ಬರುವುದಿಲ್ಲ, ಬರೆಯಲು ಬರುವವರಿಗೆ ಕೂಲಿ ಕಟ್ ಆಗುವ ಭಯ. ನನ್ನಂಥವರಿಗೆ ಮರ್ಯಾದೆ ಹೋಗುವ ಭಯ.

ನನ್ನ ಕಥೆಯನ್ನೇ ಹೇಳುತ್ತೇನೆ. ನಾಲ್ಕನೇ ಫ್ಲೋರ್‌ನಲ್ಲಿ ಪ್ಲಂಬಿಂಗ್ ಡಕ್ಟ್‌ಗೆ ಅಂತ ಸ್ಲ್ಯಾಬ್‌ನಲ್ಲಿ ಬಿಟ್ಟ ತೂತಿನ ಮೇಲೆ ಒಂದು ಪ್ಲೈವುಡ್ ಶೀಟ್ ಮುಚ್ಚಿದ್ದರು. ಮುಚ್ಚಿದ್ದರು ಅಂದರೆ ಇಟ್ಟಿದ್ದರು, ಅಷ್ಟೇ. ಮೊಳೆ ಇಲ್ಲ, ಗುರುತಿಲ್ಲ. ನನಗೆ ಡ್ರಾಯಿಂಗ್ ಹರಡಲು ಒಂದು ಹಲಗೆ ಬೇಕಿತ್ತು. ಶೀಟ್ ಎತ್ತಿ ಎದೆಗೆ ಹಿಡಿದು ಒಂದು ಹೆಜ್ಜೆ ಮುಂದಿಟ್ಟೆ. ಎದುರಿಗೆ ಶೀಟ್ ಇದ್ದಿದ್ದರಿಂದ ಕಾಲ ಕೆಳಗೆ ಏನಿದೆ ಅಂತ ಕಾಣಲಿಲ್ಲ. ಕಾಲು ಗಾಳಿಗೆ ಹೋಯಿತು. ಅಗಲದ ಶೀಟ್ ತೂತಿಗೆ ಅಡ್ಡ ಬಿದ್ದು ನಾನು ಅದರ ಮೇಲೆ ಕವುಚಿ ಬಿದ್ದೆ. ಕೆಳಗೆ ಹನ್ನೆರಡು ಮೀಟರ್ ಕತ್ತಲು. ಯಾರೂ ನೋಡಲಿಲ್ಲ. ನಾನು ಪ್ಯಾಂಟ್ ಕೊಡವಿಕೊಂಡು, ಶೀಟ್ ಅಲ್ಲೇ ಹಾಕಿ, ಟೀ ಕುಡಿಯಲು ಹೋದೆ. ಯಾರಿಗೂ ಹೇಳಲಿಲ್ಲ.

ನಾಲ್ಕು ದಿನ ಆದ ಮೇಲೆ ಅದೇ ಶೀಟನ್ನು ಸೆಂಟ್ರಿಂಗ್ ಹುಡುಗನೊಬ್ಬ ಎತ್ತಿದ. ಅವನಿಗೆ ಶೀಟ್ ಅಡ್ಡ ಬೀಳಲಿಲ್ಲ. ಎದೆಯವರೆಗೆ ಇಳಿದುಹೋದ, ಎರಡು ಕಂಕುಳು ಕಂಬಿಗೆ ಸಿಕ್ಕಿಕೊಂಡು ನಿಂತ. ಇಬ್ಬರು ಎಳೆದು ತೆಗೆದರು. ಕಂಕುಳ ಕೆಳಗೆ ಚರ್ಮ ಕಿತ್ತು ಬಂದಿತ್ತು. ಆವತ್ತು ಸಂಜೆ ನಾನು ಸಾರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಬೈಗುಳ ಗ್ಯಾರಂಟಿ, ಕೆಲಸವೂ ಹೋಗಬಹುದು ಅಂದುಕೊಂಡಿದ್ದೆ.

ಸಾರ್ ಕೇಳಿದ ಮೊದಲ ಪ್ರಶ್ನೆ: "ತೂತಿನ ಸೈಜ್ ಎಷ್ಟಿತ್ತು?"

ಎರಡನೆಯದು: "ಮುಚ್ಚಳ ಅನ್ನೋದು ಶೀಟ್ ನೋಡಿದ್ರೆ ಗೊತ್ತಾಗ್ತಿತ್ತಾ?"

ಯಾರು ಇಟ್ಟಿದ್ದು, ಯಾರು ಎತ್ತಿದ್ದು, ಒಂದೂ ಕೇಳಲಿಲ್ಲ. ಆಮೇಲೆ ಡ್ರಾಯರ್‌ನಿಂದ ಹೊಸ ನೋಟ್‌ಬುಕ್ ತೆಗೆದು ಮೊದಲ ಸಾಲಿನಲ್ಲಿ ಏನೋ ಬರೆದು ನನಗೆ ಕೊಟ್ಟರು. ಅದು ನನ್ನ ವಿಷಯ ಅಲ್ಲ, ಅವರದ್ದು. ಹಿಂದಿನ ಯಾವುದೋ ಸೈಟ್‌ನಲ್ಲಿ ಸಾರುವೆ ಹತ್ತಿ ನೋಡದೆ, ಕೆಳಗೆ ನಿಂತೇ ಹಸಿರು ಟ್ಯಾಗ್‌ಗೆ ಸಹಿ ಹಾಕಿದ್ದರಂತೆ. ಮಧ್ಯಾಹ್ನ ಮೇಲಿನ ಹಲಗೆ ಜಾರಿತು. ಊಟದ ಹೊತ್ತಾಗಿದ್ದರಿಂದ ಮೇಲೆ ಯಾರೂ ಇರಲಿಲ್ಲ. "ಒಂದನೇ ನಂಬರ್ ನಂದು. ಎರಡನೇದು ನೀನು ಬರಿ," ಅಂದರು. ಬರೆದೆ. ಮಾರನೇ ದಿನದಿಂದ ಸೈಟ್‌ನಲ್ಲಿ ಪ್ರತಿ ತೂತಿನ ಮುಚ್ಚಳಕ್ಕೂ ಮೊಳೆ ಬಿತ್ತು, ಮೇಲೆ ಹಳದಿ ಪೇಂಟಿನ ದೊಡ್ಡ ಅಡ್ಡಗೆರೆ. ಈಗ ನಮಗೆಲ್ಲ ಅದು ಮಾಮೂಲು.

ಡಬ್ಬ ಹೋಯಿತು. ಬೆಳಿಗ್ಗೆ ಟೂಲ್‌ಬಾಕ್ಸ್ ಟಾಕ್‌ನಲ್ಲಿ ಭಾಷಣವೂ ಹೋಯಿತು. ಸಾರ್ ನೋಟ್‌ಬುಕ್ ತೆರೆದು "ನಿನ್ನೆ ಯಾರು ಬಚಾವ್ ಆದ್ರಿ?" ಅಂತ ಕೇಳುವುದು, ಯಾರಾದರೂ ಹೇಳಿದರೆ ಅವರಿಗೆ ಒಂದು ಟೀ, ಒಂದು ಬನ್. ದುಡ್ಡು ಅವರ ಜೇಬಿನದ್ದು. ರಾಯಚೂರಿನವರು ಕನ್ನಡದಲ್ಲಿ, ಬಿಹಾರದವರು ಹಿಂದಿಯಲ್ಲಿ, ಒಡಿಶಾದ ಹುಡುಗರು ಕೈಸನ್ನೆಯಲ್ಲಿ. ಬನ್ನಿನ ಆಸೆಗೆ ಕೆಲವರು ಕಥೆ ಕಟ್ಟಿದ್ದೂ ಉಂಟು. "ಕಟ್ಟಿದ ಕಥೆನೂ ನಡೆಯೋ ಥರ ಇದ್ರೆ ಬರ್ಕೊಳ್ತೀನಿ," ಅನ್ನುತ್ತಿದ್ದರು.

ಹೆಡ್ ಆಫೀಸ್‌ನವರಿಗೆ ಮಾತ್ರ ಇದು ಅರ್ಥ ಆಗಲಿಲ್ಲ. ಒಂದು ತಿಂಗಳು ನಮ್ಮ ಸೈಟ್‌ನದ್ದು ನಲವತ್ತೊಂದು, ಪಕ್ಕದ ಸೈಟ್‌ನದ್ದು ಸೊನ್ನೆ. ಮೀಟಿಂಗ್‌ನಲ್ಲಿ ಸಾರ್‌ನ ನಿಲ್ಲಿಸಿ ಕೇಳಿದರು. ನಾನೂ ಅಲ್ಲೇ ಇದ್ದೆ. "ನಲವತ್ತು ಬಂದ ತಿಂಗಳು ನನಗೆ ನಿದ್ದೆ ಬರುತ್ತೆ ಸಾರ್. ಸೊನ್ನೆ ಬಂದ್ರೆ ಬರಲ್ಲ," ಅಂದರು. 1931ರಲ್ಲಿ ಹೈನ್ರಿಚ್ ಅನ್ನುವ ಅಮೆರಿಕದವರು ಒಂದು ದೊಡ್ಡ ಪೆಟ್ಟಿನ ಹಿಂದೆ 29 ಸಣ್ಣ ಪೆಟ್ಟು, 300 ಪೆಟ್ಟಾಗದ ಘಟನೆ ಅಂತ ಲೆಕ್ಕ ಹೇಳಿದ್ದಾರೆ. ಸೇಫ್ಟಿ ಕ್ಲಾಸಲ್ಲೆಲ್ಲ ಆ ತ್ರಿಕೋನ ತೋರಿಸುತ್ತಾರೆ. ಸಾರ್‌ಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. "ಮುನ್ನೂರು ಆಗೋವರೆಗೂ ಕಾಯುತ್ತಾ ಅದು? ಎರಡನೇದರಲ್ಲೇ ಹೋಗ್ತಾರೆ," ಅನ್ನುತ್ತಾರೆ.

ಈಗ ಸಂಪ್ ವಿಷಯ. ಇದನ್ನು ಹೇಳದೆ ಕೆಳಗಿಳಿದರೆ ಮೇಸ್ತ್ರಿ ನನ್ನನ್ನು ಬಿಡುವುದಿಲ್ಲ.

ಎರಡನೇ ಟವರ್‌ನ ನೆಲದಡಿಯ ನೀರಿನ ಟ್ಯಾಂಕ್. ಮೇಲಿನ ಸ್ಲ್ಯಾಬ್ ಹಾಕಿ ಮೂರು ವಾರ ಆಗಿತ್ತು. ಒಳಗಿನ ಸೆಂಟ್ರಿಂಗ್ ಬಿಚ್ಚಬೇಕು. ಇಳಿಯಲು ಎರಡಡಿ ಚೌಕದ ಒಂದೇ ಬಾಯಿ. ಭಾನುವಾರ ಬೆಳಿಗ್ಗೆ, ಪರ್ಮಿಟ್ ಆಗಿಲ್ಲ, ಬೇಗ ಮುಗಿಸಿ ಸಂತೆಗೆ ಹೋಗೋಣ ಅಂತ ನಾಲ್ವರು ಬಂದಿದ್ದರು. ಒಬ್ಬ ಏಣಿಯ ಎರಡನೇ ಮೆಟ್ಟಿಲಿಗೆ ಕಾಲಿಟ್ಟಿದ್ದ. ಆಗ ಕೇಳಿಸಿತು ಆ ವಿಷಲ್. ರಜೆ ದಿನ ಸಾರ್ ಯಾಕೆ ಬಂದಿದ್ದರು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ಹುಡುಗ ಮೇಲೆ ಬಂದ. "ಸಾರ್, ವಾಸನೆನೇ ಇಲ್ಲ, ಏನೂ ಆಗಲ್ಲ," ಅಂದ. ಸಾರ್ ಗ್ಯಾಸ್ ಮೀಟರ್‌ಗೆ ಹಗ್ಗ ಕಟ್ಟಿ ಒಳಗೆ ಬಿಟ್ಟರು. ನಾವೆಲ್ಲ ಬಾಯಿ ಸುತ್ತ ಕುಕ್ಕರಗಾಲಲ್ಲಿ ಕೂತೆವು. ಹೊರಗಿನ ಗಾಳಿಯಲ್ಲಿ ಆಮ್ಲಜನಕ 20.9. ಅದು 19.5ಕ್ಕಿಂತ ಕೆಳಗೆ ಇಳಿದರೆ ಒಳಗೆ ಹೋಗಬಾರದು. ಸ್ವಲ್ಪ ಕೆಳಗೆ ಹೋಗುತ್ತಲೇ ಮೀಟರ್ ಕೂಗಲು ಶುರು ಮಾಡಿತು. ಮೇಲೆ ಎಳೆದು ಕಡಿಮೆ ಎಷ್ಟಕ್ಕೆ ಇಳಿದಿತ್ತು ಅಂತ ನೋಡಿದರೆ 11.8. ವಿಷದ ಗ್ಯಾಸ್ ಏನೂ ಇರಲಿಲ್ಲ. ಕ್ಯೂರಿಂಗ್ ನೀರು ತಳದಲ್ಲಿ ನಿಂತು, ಹಲಗೆ, ಪ್ಲೈವುಡ್ ಎಲ್ಲ ನೆನೆದು ಕೊಳೆಯುತ್ತಾ ಮುಚ್ಚಿದ ಕೋಣೆಯ ಆಮ್ಲಜನಕ ತಿಂದು ಹಾಕಿತ್ತು. ಇರಬೇಕಾದ್ದು ಇಲ್ಲದಿದ್ದರೆ ಅದಕ್ಕೆ ವಾಸನೆ ಎಲ್ಲಿಂದ ಬರಬೇಕು?

ಆಮೇಲೆ ಸಾರ್ ಮೇಲೆ ನಿಂತಿದ್ದ ಮೂವರನ್ನು ಕೇಳಿದರು. "ಇವನು ಒಳಗೆ ಬಿದ್ದಿದ್ರೆ ನೀವೇನು ಮಾಡ್ತಿದ್ರಿ?"

ಮೂವರೂ ಒಟ್ಟಿಗೆ, "ಇಳೀತಿದ್ವಿ ಸಾರ್."

"ಹಾಗಾದ್ರೆ ಇವತ್ತು ನಾಲ್ಕು," ಅಂದರು ಸಾರ್. ಇನ್ನೇನೂ ಹೇಳಲಿಲ್ಲ. ಬ್ಲೋವರ್ ತರಿಸಿ ಹಚ್ಚಿದರು, ಬಾಯಿಗೆ ಬೀಗ ಹಾಕಬಹುದಾದ ಕಬ್ಬಿಣದ ಜಾಲರಿ ಮಾಡಿಸಿದರು. ಮುಂದಿನ ವಾರ ಟ್ರೈಪಾಡ್ ಬಂತು. ಒಳಗೆ ಇಳಿಯುವವನಿಗೆ ಹಾರ್ನೆಸ್, ಹಗ್ಗ ಮೇಲೆ ನಿಂತವನ ಕೈಯಲ್ಲಿ, ಯಾರೂ ಹಿಂದೆ ಇಳಿಯದೆ ಎಳೆದು ತೆಗೆಯುವ ಹಾಗೆ. ಆ ನಾಲ್ವರಲ್ಲಿ ಒಬ್ಬರು ಈಗಿನ ನಮ್ಮ ಸೆಂಟ್ರಿಂಗ್ ಮೇಸ್ತ್ರಿ. ಅಲ್ಲಿ ತಲೆ ತಗ್ಗಿಸಿ ಕೂತಿದ್ದಾರೆ ನೋಡಿ.

ಮಣ್ಣು ಕುಸಿದ ದಿನ ಬಹಳ ಜನಕ್ಕೆ ಗೊತ್ತು, ಬೇಗ ಹೇಳುತ್ತೇನೆ. ಡ್ರೈನ್‌ಗೆ ಅಂತ ಎರಡೂವರೆ ಮೀಟರ್ ತೋಡಿದ್ದೆವು. ಒಂದೂವರೆ ಮೀಟರ್ ದಾಟಿದರೆ ಪಕ್ಕಕ್ಕೆ ಆಸರೆ ಕೊಡಬೇಕು, ತೆಗೆದ ಮಣ್ಣನ್ನು ಅಂಚಿನಿಂದ ದೂರ ಹಾಕಬೇಕು. ಎರಡೂ ಮಾಡಿರಲಿಲ್ಲ, ಜವಾಬ್ದಾರಿ ನಮ್ಮ ಎಂಜಿನಿಯರ್‌ಗಳದ್ದು, ನನ್ನದೂ ಸೇರಿ. ಸಾರ್ ಹಿಂದಿನ ದಿನ ಬರೆದು ಕೊಟ್ಟಿದ್ದ ನೋಟಿಸ್ ನನ್ನ ಮೇಜಿನ ಮೇಲೇ ಇತ್ತು. ರಾತ್ರಿ ಮಳೆ. ಬೆಳಿಗ್ಗೆ ಮಣ್ಣು ಹೊರುತ್ತಿದ್ದ ಯಾದಗಿರಿಯ ಅಕ್ಕ ಸಾರ್ ಹತ್ತಿರ ಬಂದು, "ಅಲ್ಲಿ ದಂಡ್ಯಾಗ ಬಿರುಕು ಬಿಟ್ಟೈತ್ರೀ, ಮಣ್ಣು ಸೋರಾಕತ್ತೈತಿ," ಅಂದರು. ಸಾರ್ ಹೋಗಿ ಪರೀಕ್ಷೆ ಮಾಡಲಿಲ್ಲ. ಮೊದಲು ವಿಷಲ್ ಊದಿ ಆರು ಜನರನ್ನು ಹೊರಗೆ ತೆಗೆದರು, ಆಮೇಲೆ ನೋಡಲು ಹೋದರು. ಇಪ್ಪತ್ತು ನಿಮಿಷಕ್ಕೆ ಆ ಬದಿ ಪೂರ್ತಿ ಕೂತಿತು. ಒಂದು ಘನ ಮೀಟರ್ ಮಣ್ಣು ಅಂದರೆ ಒಂದೂವರೆ ಟನ್‌ಗಿಂತ ಜಾಸ್ತಿ, ಒಂದು ಕಾರಿನಷ್ಟು ತೂಕ. ಒಳಗೆ ಉಳಿದದ್ದು ಎರಡು ಬಾಂಡ್ಲಿ, ಒಂದು ಗುದ್ದಲಿ.

ಆರು ಜನ ಉಳಿದದ್ದು ಸಾರ್‌ನಿಂದ ಅಂತ ಎಲ್ಲರೂ ಹೇಳುತ್ತೀರಿ. ಸಾರ್ ಒಪ್ಪುವುದಿಲ್ಲ, ಅಕ್ಕನಿಂದ ಅನ್ನುತ್ತಾರೆ. ನನಗನ್ನಿಸುವುದು ಬೇರೆ. ದಿನಗೂಲಿಯ ಹೆಂಗಸೊಬ್ಬಳು ಕೆಲಸ ಬಿಟ್ಟು ಬಂದು ಒಬ್ಬ ಆಫೀಸರ್‌ಗೆ ಬಿರುಕಿನ ವಿಷಯ ಹೇಳಲು ಧೈರ್ಯ ಮಾಡಿದಳಲ್ಲ, ಆ ಧೈರ್ಯ ಬರಲು ಎಷ್ಟು ಟೀ, ಎಷ್ಟು ಬನ್ ಬೇಕಾಯಿತು ಅಂತ ನಾನು ಯೋಚನೆ ಮಾಡುತ್ತೇನೆ.

ಸಾರ್, ನಿಮ್ಮ ಜೊತೆ ಜಗಳವೂ ಆಡಿದ್ದೇನೆ. ಸ್ಲ್ಯಾಬ್ ದಿನ ಕಾಂಕ್ರೀಟ್ ಲಾರಿಗಳು ರೋಡ್‌ನಲ್ಲಿ ನಿಂತಿರುವಾಗ ಒಂದು ಪ್ರಾಪ್‌ಗೋಸ್ಕರ ಎರಡು ತಾಸು ಕೆಲಸ ನಿಲ್ಲಿಸಿದಿರಿ. ಆವತ್ತು ನಿಮ್ಮನ್ನು ಮನಸ್ಸಲ್ಲಿ ಏನೇನು ಅಂದೆ ಅಂತ ಇಲ್ಲಿ ಹೇಳುವುದಿಲ್ಲ, ಅಮ್ಮ ಮುಂದೆ ಕೂತಿದ್ದಾರೆ. ಅಮ್ಮಾ, ರಾತ್ರಿ ಹತ್ತು ಗಂಟೆಗೆ ಸಂಪ್‌ನ ಬೀಗ ಹಾಕಿದಿರಾ ಅಂತ ಫೋನ್ ಮಾಡುವ ಯಜಮಾನರನ್ನು ಇಷ್ಟು ವರ್ಷ ಸಹಿಸಿಕೊಂಡಿದ್ದೀರಿ. ನಾಳೆಯಿಂದ ಪೂರ್ತಿ ನಿಮಗೇ. ತಿಪಟೂರು ಕಡೆ ತೋಟಕ್ಕೆ ಹೋಗುತ್ತಾರಂತೆ. ಕಾಯಿ ಕೀಳುವವರ ಪಾಡು ನೆನೆಸಿಕೊಂಡರೆ ಪಾಪ ಅನಿಸುತ್ತದೆ. ಅವರಿಗಾಗಿ ನಾವೆಲ್ಲ ಸೇರಿ ಎರಡು ಹೊಸ ಹಾರ್ನೆಸ್ ತಂದಿದ್ದೇವೆ, ಶಾಲಿನ ಕೆಳಗಿರುವ ಪೊಟ್ಟಣದಲ್ಲಿ ಇರುವುದು ಅದೇ.

ಸಾರ್ ನೋಟ್‌ಬುಕ್ ಮನೆಗೆ ಒಯ್ಯುತ್ತಿಲ್ಲ. ಹನ್ನೊಂದು ವರ್ಷದಲ್ಲಿ ಹದಿನಾಲ್ಕು ತುಂಬಿವೆ, ಎಲ್ಲವೂ ಸೇಫ್ಟಿ ಆಫೀಸಿನ ಕಪಾಟಿನಲ್ಲಿವೆ. ಹದಿನೈದನೆಯದನ್ನು ನಿನ್ನೆ ಸಂಜೆ ಹೊಸ ಸೇಫ್ಟಿ ಮೇಡಂ ಕೈಗೆ ಕೊಟ್ಟರು. ಮೇಡಂ, ಇವತ್ತು ಬೆಳಿಗ್ಗೆ ನೀವು ಅದರಲ್ಲಿ ಒಂದನೇ ನಂಬರ್ ಬರೆದಿದ್ದನ್ನು ನಾನು ನೋಡಿದೆ. ಮೈಕ್ ವೈರ್, ಬೆಂಕಿಕಡ್ಡಿ, ಪ್ಲಗ್ ಇಲ್ಲ. ಮೈಕ್ ಹುಡುಗ ಇನ್ನೂ ಇಲ್ಲೇ ಇದ್ದಾನೆ, ಅವನಿಗೆ ಟೀ, ಬನ್ ಕೊಟ್ಟರಾ?

ಊಟ ರೆಡಿ ಇದೆ. ಲಿಫ್ಟಿಂಗ್ ಇವತ್ತು ಮೂರು ಗಂಟೆಯವರೆಗೆ ಬಂದ್, ಆದರೂ ಹೆಲ್ಮೆಟ್ ತೆಗೆಯುವುದು ಶಾಮಿಯಾನದ ಒಳಗೆ ಬಂದ ಮೇಲೆ.