ಮಗನ ರಜೆಗಾಗಿ ಮನವಿ

ಶಿವಮೊಗ್ಗ
6-11-2025

ಮುಖ್ಯ ಶಿಕ್ಷಕಿಯವರಿಗೆ,

ಮೇಡಂ, ನಮಸ್ಕಾರ. ನಾನು 4ನೇ ತರಗತಿ 'ಬಿ' ವಿಭಾಗದ ಪ್ರಣವನ ತಾಯಿ.

ಪ್ರಣವನಿಗೆ ಮೂತ್ರ ಮಾಡುವಾಗ ಕೆಲವು ತಿಂಗಳಿಂದ ತೊಂದರೆ ಆಗುತ್ತಿತ್ತು. ಮುಲಾಮು ಹಚ್ಚಿ ನೋಡಿದೆವು, ಗುಣವಾಗಲಿಲ್ಲ. ಬರುವ ಮಂಗಳವಾರ, 11ನೇ ತಾರೀಕು, ಅವನಿಗೊಂದು ಸಣ್ಣ ಆಪರೇಷನ್ ಇದೆ. ಗಾಬರಿಪಡುವಂಥದ್ದೇನಲ್ಲ, ಅದೇ ದಿನ ಸಂಜೆ ಮನೆಗೆ ಕಳಿಸುತ್ತಾರೆ. ಆದರೆ ಗಾಯ ಮಾಯುವವರೆಗೆ ಮನೆಯಲ್ಲೇ ಇರಬೇಕಂತೆ. ಹಾಗಾಗಿ 11ರಿಂದ 19ರವರೆಗೆ ರಜೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಡಾಕ್ಟರ ಚೀಟಿಯನ್ನು ಅಂಟಿಸಿದ ಕವರಿನಲ್ಲಿ ಇಟ್ಟಿದ್ದೇನೆ. ದಯವಿಟ್ಟು ನೀವೇ ಒಡೆದು ನೋಡಿ.

ಇನ್ನೊಂದು ಮಾತು. ವಿಷಯ ನಿಮಗೆ ಮತ್ತು ಕ್ಲಾಸ್ ಟೀಚರಿಗೆ ಮಾತ್ರ ಗೊತ್ತಿದ್ದರೆ ಸಾಕು. ಹಾಜರಿ ಪುಸ್ತಕದಲ್ಲಿ 'ಅನಾರೋಗ್ಯ' ಎಂದಷ್ಟೇ ಬರೆಸಿ. ಮಕ್ಕಳು ಕೇಳಿದರೆ ಹುಷಾರಿಲ್ಲ ಅಂದರಾಯಿತು. "ಅಮ್ಮಾ, ಯಾರಿಗೂ ಹೇಳಲ್ಲ ಅಲ್ವಾ?" ಅಂತ ನಿನ್ನೆ ರಾತ್ರಿ ಮೂರು ಸಲ ಕೇಳಿದ. ಒಂಬತ್ತು ವರ್ಷದ ಹುಡುಗ, ನಾಚಿಕೆ ಜಾಸ್ತಿ.

ಶಾಲೆಗೆ ಬಂದ ಮೇಲೂ ಎರಡು ವಾರ ಆಟದ ಪಿರಿಯಡ್‌ನಲ್ಲಿ ಸುಮ್ನೆ ಕೂರಿಸಿ, ಓಡಿಸಬೇಡಿ. ಯೂನಿಫಾರ್ಮ್ ಪ್ಯಾಂಟ್ ಒತ್ತುತ್ತದೆ, ಅದಕ್ಕೇ ಅದೇ ಬಣ್ಣದ ಸಡಿಲ ಪ್ಯಾಂಟ್ ಹೊಲಿಸಿದ್ದೇನೆ. ಬೆಂಚಿನ ತುದಿಯಲ್ಲಿ ಜಾಗ ಕೊಟ್ಟು, ಕೇಳಿದಾಗ ಟಾಯ್ಲೆಟ್‌ಗೆ ಬಿಟ್ಟರೆ ಉಪಕಾರವಾಗುತ್ತದೆ.

ನೋಟ್ಸ್ ಅನ್ನು ಅವನ ಅಕ್ಕ, 7ನೇ ತರಗತಿಯ ಪ್ರಣತಿ, ತಂದುಕೊಡುತ್ತಾಳೆ. ಏನಾದರೂ ಕೇಳುವುದಿದ್ದರೆ ಡೈರಿಯಲ್ಲಿ ಬರೆಯದೆ ನನಗೇ ಫೋನ್ ಮಾಡಿ.

ಇಂತಿ ನಿಮ್ಮ ವಿಶ್ವಾಸಿ,
ಸವಿತಾ
(ಪ್ರಣವನ ತಾಯಿ)