ಚಿತ್ರ ಮುಟ್ಟಿ ಹೇಳಿ: ಹೊರರೋಗಿ ವಿಭಾಗದಲ್ಲಿ ಇವತ್ತು ಹೇಗಾಯಿತು?

ಓದಿ ಹೇಳುವ ಸಿಬ್ಬಂದಿಗೆ

ಔಷಧಿ ತೆಗೆದುಕೊಂಡು ಹೊರಡುವವರನ್ನು ಕೇಳಿ, ಸಾಲಿನಲ್ಲಿ ನಿಂತವರನ್ನಲ್ಲ. ಅವರಿಗೆ ಚಿಕಿತ್ಸೆ ಕೊಟ್ಟ ಡಾಕ್ಟರ್, ನರ್ಸ್ ಕೇಳಬಾರದು; ಎದುರಿಗೇ ಯಾರೂ ದೂರುವುದಿಲ್ಲ. ಜೊತೆಗೆ ಬಂದವರು ಬಾಯಿ ಹಾಕಿದರೆ “ಮೊದಲು ಅವರೇ ಹೇಳಲಿ” ಎನ್ನಿ. ನಗುವ ಮುಖದ ಮೇಲೆ ನೀವೇ ಬೆರಳಿಟ್ಟು ಕೇಳಬೇಡಿ. ಅವರು ಮುಟ್ಟಿದ ಚಿತ್ರಕ್ಕೆ ಅವರೆದುರೇ ಸುತ್ತು ಹಾಕಿ.

ಗಟ್ಟಿಯಾಗಿ ಓದಿ

“ನಮಸ್ಕಾರ. ಐದು ನಿಮಿಷ ಕೂತುಕೊಳ್ಳಿ. ಹೆಸರು ಬೇಡ, ಹೆಬ್ಬೆಟ್ಟೂ ಬೇಡ. ಇಷ್ಟವಿಲ್ಲದಿದ್ದರೆ ಹಾಗೇ ಹೊರಡಬಹುದು, ಮುಂದಿನ ಸಲ ಬಂದಾಗ ಅದರಿಂದ ಏನೂ ತೊಂದರೆಯಾಗುವುದಿಲ್ಲ. ಈ ಮುಖಗಳು ನಿಮ್ಮ ನೋವಿನ ಬಗ್ಗೆ ಅಲ್ಲ. ನಾವು ನಿಮ್ಮನ್ನು ಹೇಗೆ ನೋಡಿಕೊಂಡೆವು ಅನ್ನುವುದಕ್ಕೆ.”

😊 ಚೆನ್ನಾಗಿತ್ತು  😐 ಪರವಾಗಿಲ್ಲ  ☹️ ಚೆನ್ನಾಗಿರಲಿಲ್ಲ

ಮೊದಲು ಒಂದು ಅಭ್ಯಾಸ

“ಬಾಯಾರಿತ್ತು, ಒಬ್ಬರು ನೀರು ಕೊಟ್ಟರು. ಯಾವ ಮುಖ? ಇನ್ನೊಬ್ಬರು ಕೇಳಿದರೂ ಕೊಡಲಿಲ್ಲ. ಈಗ ಯಾವ ಮುಖ?”
ಎರಡಕ್ಕೂ ಒಂದೇ ಮುಖ ಮುಟ್ಟಿದರೆ ಇನ್ನೊಮ್ಮೆ ತಿಳಿಸಿ. ಆಮೇಲೂ ಹಾಗೇ ಆದರೆ ಧನ್ಯವಾದ ಹೇಳಿ ಬಿಟ್ಟುಬಿಡಿ.

1. 🎫 ಚೀಟಿ ಮಾಡಿಸುವ ಕಡೆ ನಿಮ್ಮ ಜೊತೆ ಹೇಗೆ ಮಾತಾಡಿದರು?
😊  😐  ☹️

2. 🪑 ಡಾಕ್ಟರ್ ನೋಡುವವರೆಗೆ ಎಷ್ಟು ಕಾದಿರಿ ಅನಿಸಿತು?
◔ ಸ್ವಲ್ಪ  ◑ ಸುಮಾರು ಹೊತ್ತು  ● ಕಾದು ಕಾದು ಸಾಕಾಯಿತು

3. 🚻 ಶೌಚಾಲಯ ಹೇಗಿತ್ತು?
😊  😐  ☹️  ✖️ ಹೋಗಲಿಲ್ಲ

4. 👂 ನಿಮ್ಮ ತೊಂದರೆಯನ್ನು ಡಾಕ್ಟರ್ ಪೂರ್ತಿ ಕೇಳಿಸಿಕೊಂಡರಾ?
👍 ಹೌದು  👎 ನಡುವೆಯೇ ಬರೆದುಕೊಟ್ಟರು

5. 🚪 ಮೈ ಮುಟ್ಟಿ ಪರೀಕ್ಷೆ ಮಾಡುವಾಗ ಬಾಗಿಲು ಹಾಕಿದ್ದರಾ, ಪರದೆ ಎಳೆದಿದ್ದರಾ?
👍 ಹೌದು  👎 ಇಲ್ಲ  ✖️ ಪರೀಕ್ಷೆ ಮಾಡಲಿಲ್ಲ

6. 💊 “ಮಾತ್ರೆ ಯಾವಾಗ ತೆಗೆದುಕೊಳ್ಳಬೇಕು, ನನಗೆ ತೋರಿಸಿ.”
🌅 ಬೆಳಗ್ಗೆ  ☀️ ಮಧ್ಯಾಹ್ನ  🌙 ರಾತ್ರಿ

ಇದು ಅವರಿಗಿಟ್ಟ ಪರೀಕ್ಷೆಯಲ್ಲ, ನಮಗೆ. “ಗೊತ್ತಾಯ್ತಾ?” ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಅದಕ್ಕೇ ತೋರಿಸಲು ಹೇಳುವುದು. ಮುಟ್ಟಿದ್ದನ್ನು ಡಾಕ್ಟರ್ ಬರೆದ ಚೀಟಿಯೊಡನೆ ಹೋಲಿಸಿ ಗುರುತು ಹಾಕಿ: ✔️ ಸರಿ  ✖️ ತಪ್ಪು. ತಪ್ಪಿದ್ದರೆ ಈ ಹಾಳೆ ಅಲ್ಲಿಗೇ ನಿಲ್ಲಿಸಿ, ಅವರನ್ನು ಔಷಧಿ ಕೊಡುವ ಕಡೆಗೆ ನೀವೇ ಕರೆದುಕೊಂಡು ಹೋಗಿ. ಉಳಿದದ್ದು ಆಮೇಲೆ.

7. 💰 ರಸೀದಿ ಕೊಡದೆ ಯಾರಾದರೂ ದುಡ್ಡು ಕೇಳಿದರಾ?
👍 ಹೌದು, ಕೇಳಿದರು  👎 ಇಲ್ಲ
(ಸಿಬ್ಬಂದಿ ಹಾಳೆ ಕೊಟ್ಟು ಮುಖ ತಿರುಗಿಸಿ ನಿಲ್ಲಬೇಕು. ಗುರುತು ಅವರೇ ಹಾಕಲಿ.)

8. “ನಾವು ಮೊದಲು ಯಾವುದನ್ನು ಸರಿಮಾಡಬೇಕು? ಒಂದೇ ಒಂದು ಮುಟ್ಟಿ.”
🎫 ಚೀಟಿ  🪑 ಕಾಯುವುದು  🚻 ಶೌಚಾಲಯ  👂 ಮಾತು ಕೇಳುವುದು  🚪 ಪರದೆ  💊 ಔಷಧಿ

ಉತ್ತರ ಹೇಳಿದವರು: 🧍 ರೋಗಿಯೇ  🧑‍🤝‍🧑 ಜೊತೆಗೆ ಬಂದವರು  🤱 ಮಗುವಿನ ತಾಯಿ

ಹಾಳೆ ಮಡಚಿ ಅವರ ಕೈಗೇ ಕೊಡಿ. ಬೀಗ ಹಾಕಿದ ಪೆಟ್ಟಿಗೆಗೆ ಅವರೇ ಹಾಕಲಿ.